ಭಾಳ ಥಂಡಿ, ಕೊರೆಯುವ ಥಂಡಿ: ‘ವೆರಿ’ ಎಲ್ಲಿ ಹೊಂದುತ್ತದೆ?

ಪಾಠಾಭ್ಯಾಸಕ್ಕೆ ಲೋಕಾಪುರದ ಪ್ರೌಢಶಾಲೆಯೊಂದರಲ್ಲಿ ನನಗೆ ಸಿಕ್ಕಿದ್ದು ಒಂಬತ್ತನೆಯ ತರಗತಿ. ನನ್ನ ಬೋಧನಾ ವಿಷಯ ವಿಜ್ಞಾನ. ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದ ವಾರ ಆ ಅವಧಿಗಳೂ ನನ್ನ ಪಾಲಿಗೆ ಬಂದವು. ಡಿಸೆಂಬರಿನ ಬೆಳಗಿನ ಬಗ್ಗೆ ಐದು ವಾಕ್ಯ ಬರೆಯಲು ಹೇಳಿದಾಗ ಹಲವು ನೋಟುಬುಕ್ಕುಗಳಲ್ಲಿ ಒಂದೇ ಬಗೆಯ ವಾಕ್ಯ ಕಂಡಿತು: ‘ದ ವಾಟರ್ ಈಸ್ ವೆರಿ ಫ್ರೀಜಿಂಗ್’. ಅದರ ಕೆಳಗೆ ಕೆಂಪು ಗೆರೆ ಎಳೆಯುವುದು ಸುಲಭ. ಆದರೆ ಒಬ್ಬ ಹುಡುಗಿ ಎದ್ದು ನಿಂತು, “ಮೇಡಂ, ವೆರಿ ಕೋಲ್ಡ್ ನಡೀತೈತಿ, ಎಕ್ಸ್‌ಟ್ರೀಮ್ಲಿ ಕೋಲ್ಡ್ ನಡೀತೈತಿ, ವೆರಿ ಫ್ರೀಜಿಂಗ್ ಯಾಕ ನಡ್ಯಾಂಗಿಲ್ರಿ?” ಎಂದು ಕೇಳಿದಳು. ‘ಅದು ರೂಢಿ’ ಎಂದು ಉತ್ತರಿಸಿದರೆ ಈ ಒಂದು ಜೋಡಿ ಬಾಯಿಪಾಠವಾಗುತ್ತದೆ, ಮುಂದಿನ ಪದಕ್ಕೆ ಆಕೆ ಮತ್ತೆ ನಮ್ಮನ್ನೇ ಕೇಳಬೇಕಾಗುತ್ತದೆ.

ಉತ್ತರ ಪದದ ಒಳಗೇ ಇದೆ. ‘ಕೋಲ್ಡ್’ ಎಂಬುದು ಅಳತೆಗೋಲಿನಂಥ ಪದ. ಅದು ಎಷ್ಟು ಎಂದು ಹೇಳುವುದಿಲ್ಲ, ಯಾವ ಕಡೆಗೆ ಎಂದಷ್ಟೇ ಹೇಳುತ್ತದೆ. ಹಾಗಾಗಿ ಎಷ್ಟು ಎಂಬುದನ್ನು ಬೇರೊಂದು ಪದ ತುಂಬಬೇಕು. ‘ಎ ಬಿಟ್ ಕೋಲ್ಡ್’ ಎಂದರೆ ಸ್ವಲ್ಪ, ‘ವೆರಿ ಕೋಲ್ಡ್’ ಎಂದರೆ ಹೆಚ್ಚು, ‘ಎಕ್ಸ್‌ಟ್ರೀಮ್ಲಿ ಕೋಲ್ಡ್’ ಎಂದರೆ ಇನ್ನೂ ಹೆಚ್ಚು. ಇವೆಲ್ಲ ಒಂದೇ ಗೋಲಿನ ಮೇಲಿನ ಗುರುತುಗಳು. ಇಂಥ ಪದಗಳನ್ನು ವ್ಯಾಕರಣದಲ್ಲಿ ಗ್ರೇಡಬಲ್ ಗುಣವಾಚಕಗಳೆನ್ನುತ್ತಾರೆ. ‘ಫ್ರೀಜಿಂಗ್’ ಹಾಗಲ್ಲ. ಅದರಲ್ಲಿ ‘ತೀರ ಹೆಚ್ಚು’ ಎಂಬುದು ಮೊದಲೇ ಸೇರಿಕೊಂಡಿದೆ. ಗೋಲಿನ ತುದಿಯಲ್ಲಿ ಕುಳಿತ ಪದವನ್ನು ‘ವೆರಿ’ ಮತ್ತೆ ಮೇಲಕ್ಕೆ ಎಳೆಯಲಾರದು, ‘ಎ ಬಿಟ್’ ಕೆಳಕ್ಕೆ ಇಳಿಸಲಾರದು. ‘ಹೌದು, ನಿಜಕ್ಕೂ ತುದಿಯಲ್ಲೇ ಇದೆ’ ಎಂದು ಒತ್ತಿ ಹೇಳುವ ಪದ ಮಾತ್ರ ಅದಕ್ಕೆ ಹೊಂದುತ್ತದೆ. ಅದಕ್ಕೇ ‘ಆಬ್ಸಲ್ಯೂಟ್ಲಿ ಫ್ರೀಜಿಂಗ್’ ಸಹಜ, ‘ಆಬ್ಸಲ್ಯೂಟ್ಲಿ ಕೋಲ್ಡ್’ ಅಸಹಜ. ‘ರಿಯಲಿ’ ಮಾತ್ರ ಎರಡೂ ಕಡೆ ನಡೆಯುತ್ತದೆ. ಅನುಮಾನ ಬಂದ ಮಗುವಿಗೆ ಅದೇ ಸುರಕ್ಷಿತ ಪದ.

ಈ ವಿವರಣೆಯನ್ನು ಇಂಗ್ಲಿಷ್ ಪದಗಳಿಂದಲೇ ಶುರು ಮಾಡುವ ಬದಲು ಹಲಗೆಯ ಮೇಲೆ ಕನ್ನಡದ ಜೋಡಿಗಳನ್ನು ಬರೆದು, ಯಾವುದು ಕಿವಿಗೆ ಸರಿ ಕೇಳುತ್ತದೆ ಎಂದು ಕೇಳಿದೆ. ‘ಭಾಳ ಬಿಸಿ ಚಹಾ’ ಸರಿ ಎಂದರು. ‘ಸುಡುಸುಡು ಚಹಾ’ ಸರಿ ಎಂದರು. ‘ಭಾಳ ಸುಡುಸುಡು ಚಹಾ’ ಎಂದೊಡನೆ ನಕ್ಕರು. ‘ಭಾಳ ಕಪ್ಪು’ ಸರಿ, ‘ಕಡುಗಪ್ಪು’ ಸರಿ, ‘ಭಾಳ ಕಡುಗಪ್ಪು’ ಬೇಡ. ‘ಭಾಳ ಎತ್ತರ’ ಸರಿ, ‘ತುತ್ತತುದಿ’ ಸರಿ, ‘ಭಾಳ ತುತ್ತತುದಿ’ ಬೇಡ. ಈ ನಿಯಮವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. “ಸುಡುಸುಡು ಅಂದಮ್ಯಾಲ ಮತ್ತ ಭಾಳ ಯಾಕ್ರಿ?” ಎಂದ ಹಿಂದಿನ ಬೆಂಚಿನ ಹುಡುಗನ ಮಾತಿನಲ್ಲಿ ಪಾಠದ ತಿರುಳೆಲ್ಲ ಇತ್ತು. ಅವನ ಮಾತಿನಲ್ಲಿ ‘ಸುಡುಸುಡು’ ತೆಗೆದು ‘ಫ್ರೀಜಿಂಗ್’ ಇಟ್ಟು ಓದಿಸಿದೆ, ಅಷ್ಟೆ.

ಹಾಗಾದರೆ ಕಿವಿ ಇಷ್ಟು ಚುರುಕಾಗಿರುವ ಮಕ್ಕಳು ‘ವೆರಿ ಫ್ರೀಜಿಂಗ್’ ಎಂದು ಬರೆಯುವುದೇಕೆ? ಒಂದು ಕಾರಣ, ‘ಫ್ರೀಜಿಂಗ್’ ಎಂದರೆ ‘ಥಂಡಿ’ ಎಂದಷ್ಟೇ ಅರ್ಥ ಬರೆದುಕೊಂಡಿರುತ್ತಾರೆ. ಒಳಗಿನ ‘ತೀರ ಹೆಚ್ಚು’ ಎಂಬ ಭಾಗ ಆ ಅರ್ಥದಲ್ಲಿ ಬಿದ್ದುಹೋಗಿರುತ್ತದೆ. ‘ಕೊರೆಯುವ ಥಂಡಿ’ ಎಂದು ಬರೆಸಿದರೆ ಅರ್ಧ ಕೆಲಸ ಆದಂತೆ. ಎರಡನೆಯ ಕಾರಣ ನಮ್ಮ ‘ಭಾಳ’. ಅದು ಗುಣವಾಚಕದ ಹಿಂದೆಯೂ ಬರುತ್ತದೆ, ಕ್ರಿಯಾಪದದ ಹಿಂದೆಯೂ ಬರುತ್ತದೆ: ಭಾಳ ಥಂಡಿ, ಭಾಳ ನಡುಗಿದೆ, ಭಾಳ ಓಡಿದೆ. ಇಂಗ್ಲಿಷಿನ ‘ವೆರಿ’ ಕ್ರಿಯಾಪದವನ್ನು ಹೀಗೆ ನೇರವಾಗಿ ಹಿಡಿಯುವುದಿಲ್ಲ. ‘ಐ ವೆರಿ ಲೈಕ್’ ಎಂಬ ವಾಕ್ಯವೂ ‘ವೆರಿ ಫ್ರೀಜಿಂಗ್’ ಎಂಬ ಜೋಡಿಯೂ ಒಂದೇ ನೋಟುಬುಕ್ಕಿನಲ್ಲಿ ಸಿಕ್ಕರೆ, ‘ಭಾಳ’ ಇದ್ದಲ್ಲೆಲ್ಲ ‘ವೆರಿ’ ಇಡುವ ಅಭ್ಯಾಸ ಬೆಳೆದಿದೆ ಎಂದು ತಿಳಿಯಬಹುದು.

ಮರುದಿನ ಇನ್ನೊಂದು ಪ್ರಶ್ನೆ ಬಂತು. ಅದು ವಿಜ್ಞಾನದ ಅವಧಿಯಿಂದ ಬಂದದ್ದು. “ಮೇಡಂ, ನೀರು ಬರ್ಫ ಆಗೂದು ಸೊನ್ನೆ ಡಿಗ್ರಿಗೆ. ನಮ್ಮೂರಾಗ ಬರ್ಫ ಆಗೂದ ಇಲ್ಲ. ಮತ್ತ ಫ್ರೀಜಿಂಗ್ ಅನ್ನೂದು ಸುಳ್ಳಲ್ಲೇನ್ರಿ?” ಪ್ರಯೋಗಾಲಯದ ಥರ್ಮಾಮೀಟರನ್ನು ಬೆಳಗಿನ ತೊಟ್ಟಿಯ ನೀರಿಗೆ ಇಳಿಸಿ ನೋಡಿದೆವು. 17 ಡಿಗ್ರಿ ಇತ್ತು. ವಿಜ್ಞಾನದ ಲೆಕ್ಕದಲ್ಲಿ ಅದು ಫ್ರೀಜಿಂಗ್ ಅಲ್ಲವೇ ಅಲ್ಲ. ಆದರೆ ಆ ನೀರಿನಲ್ಲಿ ಕೈ ತೊಳೆದವನು ‘ಇಟ್ಸ್ ಫ್ರೀಜಿಂಗ್’ ಎಂದರೆ ಇಂಗ್ಲಿಷಿನಲ್ಲಿ ಅದು ಸರಿಯಾದ ಮಾತೇ. ಥಂಡಿ ಏನನ್ನೂ ಕೊರೆಯದಿದ್ದರೂ ನಾವು ‘ಕೊರೆಯುವ ಥಂಡಿ’ ಎನ್ನುತ್ತೇವಲ್ಲ, ಹಾಗೆ. ಎರಡು ಬಳಕೆಗಳನ್ನು ಬೇರೆಬೇರೆ ಬರೆಸಿದೆ. ‘ಬಿಲೋ ಫ್ರೀಜಿಂಗ್’ ಎಂದರೆ ಸೊನ್ನೆಗಿಂತ ಕೆಳಗೆ, ಅಲ್ಲಿ ಸಂಖ್ಯೆಯೇ ಅರ್ಥ. ‘ಇಟ್ಸ್ ಫ್ರೀಜಿಂಗ್’ ಎಂಬುದು ಸಾಮಾನ್ಯವಾಗಿ ನಡುಗುವವನ ಉದ್ಗಾರ. ‘ಎಕ್ಸ್‌ಟ್ರೀಮ್ಲಿ ಕೋಲ್ಡ್’ ಕೂಡ ತೀವ್ರತೆಯಲ್ಲಿ ಇದರ ಹತ್ತಿರವೇ ಬರುತ್ತದೆ. ಆದರೆ ಅದು ದೂರ ನಿಂತು ವರದಿ ಕೊಡುವವರ ಧಾಟಿ. ಹವಾಮಾನ ವರದಿಗೆ ಅದು ಒಪ್ಪುತ್ತದೆ, ಸ್ನಾನದ ಮನೆಯಿಂದ ಓಡಿ ಬಂದವನ ಬಾಯಲ್ಲಿ ಪುಸ್ತಕದಂತೆ ಕೇಳಿಸುತ್ತದೆ.

ಗೋಲು ಎಲ್ಲಿ ಸಾಲದು ಎಂಬುದನ್ನೂ ಮಕ್ಕಳೇ ತೋರಿಸಿದರು. ‘ಕಂಪ್ಲೀಟ್ಲಿ’ ಎಂಬುದು ‘ಎಂಪ್ಟಿ’, ‘ಫುಲ್’ನಂಥ ಕೊನೆಯುಳ್ಳ ಪದಗಳಿಗೆ ಹೊಂದುತ್ತದೆ, ‘ಕೋಲ್ಡ್’ಗೆ ಕೊನೆ ಇಲ್ಲ, ಆದ್ದರಿಂದ ‘ದ ವೆದರ್ ಈಸ್ ಕಂಪ್ಲೀಟ್ಲಿ ಕೋಲ್ಡ್’ ಸಲ್ಲದು ಎಂದಿದ್ದೆ. ಆಗ ಒಬ್ಬಳು, “ಚಾ ಪೂರಾ ತಣ್ಣಗಾತು ಅಂತೀವಲ್ರಿ?” ಎಂದಳು. ಸರಿಯಾದ ಮಾತು. ಇಂಗ್ಲಿಷಿನಲ್ಲೂ ‘ದ ಟೀ ಹ್ಯಾಸ್ ಗಾನ್ ಕಂಪ್ಲೀಟ್ಲಿ ಕೋಲ್ಡ್’ ಸಹಜವೇ. ಹವೆ ಇನ್ನೂ ಇನ್ನೂ ತಣ್ಣಗಾಗುತ್ತ ಹೋಗಬಲ್ಲದು. ಕಪ್ಪಿನ ಚಹಾ ಕೋಣೆಯ ಉಷ್ಣತೆಗೆ ಇಳಿದ ಮೇಲೆ ಅಲ್ಲಿಗೇ ನಿಲ್ಲುತ್ತದೆ. ತಣಿಯುವ ಕ್ರಿಯೆಗೆ ಕೊನೆ ಸಿಕ್ಕಿತು, ಅದರ ಜೊತೆಗೆ ‘ಕಂಪ್ಲೀಟ್ಲಿ’ಗೂ ಜಾಗ ಸಿಕ್ಕಿತು. ಹಾಗಾಗಿ ಪದವನ್ನು ಒಂದೇ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುವಂತಿಲ್ಲ. ಆ ವಾಕ್ಯದಲ್ಲಿ ಅದಕ್ಕೆ ಕೊನೆ ಇದೆಯೇ ಎಂದು ಪ್ರತಿ ಸಲ ಕೇಳಬೇಕು.

‘ಫ್ರೀಜಿಂಗ್ ಕೋಲ್ಡ್’ ಎಂಬ ಜೋಡಿಯನ್ನೂ ಇಲ್ಲೇ ಕಲಿಸಬಹುದು. ಅಲ್ಲಿ ‘ಫ್ರೀಜಿಂಗ್’ ತಾನೇ ‘ವೆರಿ’ಯ ಕೆಲಸ ಮಾಡುತ್ತದೆ, ನಮ್ಮ ‘ಕೊರೆಯುವ ಥಂಡಿ’ಯ ಹಾಗೆ. ‘ಬಾಯ್ಲಿಂಗ್ ಹಾಟ್’ ಕೂಡ ಅಂಥದೇ.

ಮುಂದಿನ ಪಾಠಯೋಜನೆಯಲ್ಲಿ ನಾನು ಬರೆದುಕೊಂಡಿರುವುದು ಎರಡು ಪರೀಕ್ಷೆ. ಹೊಸ ಗುಣವಾಚಕ ಬಂದಾಗ ಅದರ ಹಿಂದೆ ‘ಹೌ’ ಇಟ್ಟು ನೋಡುವುದು: ‘ಹೌ ಕೋಲ್ಡ್?’ ನಡೆಯುತ್ತದೆ, ‘ಹೌ ಫ್ರೀಜಿಂಗ್?’ ತೊಡರುತ್ತದೆ. ಆಮೇಲೆ ‘ಎ ಬಿಟ್’ ಇಟ್ಟು ನೋಡುವುದು: ‘ಎ ಬಿಟ್ ಟಯರ್ಡ್’ ಸರಿ, ‘ಎ ಬಿಟ್ ಎಕ್ಸಾಸ್ಟೆಡ್’ ತಮಾಷೆಗೆ ಮಾತ್ರ. ಎರಡರಲ್ಲೂ ತೊಡರಿದ ಪದಕ್ಕೆ ‘ವೆರಿ’ ಬೇಡ. ಮೌಲ್ಯಮಾಪನದಲ್ಲಿ ‘ವೆರಿ ಫ್ರೀಜಿಂಗ್’ ಕಂಡರೆ ಇಡೀ ವಾಕ್ಯಕ್ಕೆ ಗೆರೆ ಎಳೆಯದೆ ‘ವೆರಿ’ಗೆ ಮಾತ್ರ ಸುತ್ತು ಹಾಕುತ್ತೇನೆ. ‘ಫ್ರೀಜಿಂಗ್’ ಎಂಬ ಪದವನ್ನು ಆ ಮಗು ಸರಿಯಾಗಿಯೇ ಆರಿಸಿರುತ್ತದೆ.