ಗೋಡೆಯ ಮೇಲಿನ ಮಣ್ಣಿನ ಗೂಡು

ಮಕ್ಕಳೇ, ಮನೆಯಲ್ಲಿ ಹುಳು ಕಂಡ ಕೂಡಲೇ ನಮ್ಮ ಕೈ ಪೊರಕೆಯ ಕಡೆಗೆ ಹೋಗುತ್ತದೆ, ಅಲ್ಲವೇ? ಹೊಡೆಯುವ ಮೊದಲು ಅದು ಏನು ಮಾಡುತ್ತಿದೆ ಅಂತ ಸ್ವಲ್ಪ ಹೊತ್ತು ನೋಡಿ. ಇವತ್ತು ಕುಂಬಾರ ಹುಳದ ವಿಷಯ ಹೇಳುತ್ತೇನೆ.

ಕಿಟಕಿಯ ಮೂಲೆಯಲ್ಲೋ ಗೋಡೆಯ ಮೇಲೋ ಮಣ್ಣಿನ ಪುಟ್ಟ ಗೂಡನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಕಟ್ಟುವುದು ತಾಯಿ ಹುಳ ಒಂದೇ. ಒದ್ದೆ ಮಣ್ಣನ್ನು ಉಂಡೆ ಮಾಡಿ ಬಾಯಲ್ಲಿ ತಂದು, ಅಂಚಿಗೆ ಅಂಟಿಸುತ್ತಾ ಪುಟ್ಟ ಮಡಕೆಯ ಹಾಗೆ ಗೂಡು ಮಾಡುತ್ತದೆ. ಒಳಗೆ ತೆಳು ಎಳೆಗೆ ಒಂದು ಮೊಟ್ಟೆ ನೇತುಹಾಕುತ್ತದೆ. ಆಮೇಲೆ ಗಿಡಗಳ ಎಲೆ ತಿನ್ನುವ ಮರಿಹುಳುಗಳನ್ನು ಹುಡುಕಿ, ಚುಚ್ಚಿ, ಹೊತ್ತು ತಂದು ಗೂಡು ತುಂಬಿಸುತ್ತದೆ. ಚುಚ್ಚಿದರೂ ಅವು ಸಾಯುವುದಿಲ್ಲ, ಅಲುಗಾಡಲಾರವು ಅಷ್ಟೆ. ಸತ್ತರೆ ಕೊಳೆತುಹೋಗುತ್ತಿದ್ದವಲ್ಲ! ಕೊನೆಗೆ ಮಣ್ಣಿನಿಂದ ಬಾಯಿ ಮುಚ್ಚಿ ತಾಯಿ ಹೊರಟುಹೋಗುತ್ತದೆ.

"ಮರಿಗೆ ಊಟ ಕೊಡೋಕೆ ಅಮ್ಮ ಮತ್ತೆ ಬರಲ್ವಾ, ಮಿಸ್?" ಅಂತ ಮುಂದಿನ ಸಾಲಿನಿಂದ ಕೇಳಿದಿರಿ. ಬರಬೇಕಾಗಿಲ್ಲ ಪುಟ್ಟಾ, ಊಟವನ್ನೆಲ್ಲ ಮೊದಲೇ ಇಟ್ಟಾಗಿದೆ. ಮೊಟ್ಟೆಯೊಡೆದ ಮರಿ ಅದನ್ನು ತಿಂದು ಬೆಳೆದು, ಕೋಶವಾಗಿ, ರೆಕ್ಕೆ ಬಂದ ಮೇಲೆ ಮಣ್ಣು ಕೊರೆದು ಹಾರಿಹೋಗುತ್ತದೆ. ಹಾಗಾಗಿ ಗೂಡಿನ ಬಾಯಿ ಮುಚ್ಚಿದ್ದು ಎಲ್ಲೂ ತೂತಿಲ್ಲದಿದ್ದರೆ ಒಳಗೆ ಮರಿ ಇರಬಹುದು, ಕೀಳಬೇಡಿ. ಮುಚ್ಚಿದ ಗೂಡಿನಲ್ಲಿ ದುಂಡನೆಯ ತೂತು ಕಂಡರೆ ಸಾಮಾನ್ಯವಾಗಿ ಮರಿ ಹೋಗಿರುತ್ತದೆ.

ಈ ಹುಳಕ್ಕೆ ಕೊಂಡಿ ಇದೆ, ಆದರೆ ಅದು ಗುಂಪಿನಲ್ಲಿ ಬದುಕುವುದಿಲ್ಲ, ಗೂಡು ಕಾಯಲು ನಮ್ಮನ್ನು ಅಟ್ಟಿಸಿಕೊಂಡೂ ಬರುವುದಿಲ್ಲ. ಕೈಯಲ್ಲಿ ಹಿಡಿದರೆ, ಅಮುಕಿದರೆ ಮಾತ್ರ ಕಚ್ಚೀತು. ಕಾಗದದಂಥ ಗೂಡಿನಲ್ಲಿ ಹತ್ತಾರು ಕಣಜಗಳು ಮುತ್ತಿಕೊಂಡಿದ್ದರೆ ಮಾತ್ರ ಹತ್ತಿರ ಹೋಗಬೇಡಿ, ಕಲ್ಲು ಹೊಡೆಯಬೇಡಿ, ಮನೆಯಲ್ಲಿ ದೊಡ್ಡವರಿಗೆ ಹೇಳಿ. ಮಣ್ಣಿನ ಗೂಡೇ ಆದರೂ ಕರೆಂಟಿನ ಸ್ವಿಚ್ಚಿನ ಬಳಿ ಇದ್ದರೆ ದೊಡ್ಡವರೇ ತೆಗೆಯಲಿ.

ಹಾಗಾದರೆ ಸೊಳ್ಳೆಯನ್ನೂ ಬಿಡಬೇಕೇ? ಬೇಡ. ಡೆಂಗಿ ಹರಡುವ ಸೊಳ್ಳೆ ನಮ್ಮ ಮನೆಯ ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆಯ ನೀರಿನಲ್ಲೇ ಹುಟ್ಟುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮೊಟ್ಟೆ ಪಾತ್ರೆಯ ಒಳಗೋಡೆಗೆ ಅಂಟಿರುವುದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು, ಉಜ್ಜಿ ತೊಳೆಯಬೇಕು.

ಸೊಳ್ಳೆ ರೋಗ ತರುತ್ತದೆ. ಕುಂಬಾರ ಹುಳ ನಮ್ಮ ಹಿತ್ತಲಿನ ಗಿಡ ತಿನ್ನುವ ಹುಳುಗಳನ್ನು ಹಿಡಿಯುತ್ತದೆ. ಎರಡಕ್ಕೂ ಒಂದೇ ಶಿಕ್ಷೆ ಸರಿಯಲ್ಲ. ಇವತ್ತು ಮನೆಗೆ ಹೋದ ಮೇಲೆ ಕಿಟಕಿಯ ಮೂಲೆಗಳನ್ನು ನೋಡಿ. ಬಾಯಿ ಮುಚ್ಚಿದ ಮಣ್ಣಿನ ಗೂಡು ಕಂಡರೆ, ಅದನ್ನು ಯಾಕೆ ಕೀಳಬಾರದು ಅಂತ ಮನೆಯವರಿಗೂ ಹೇಳಿ.