ಗಲ್ಲೆಯಲ್ಲಿರುವ ಪರರ ರೊಕ್ಕ

ಲೆಕ್ಕ ಬರೆಯುವುದರಲ್ಲಿ ರುಚಿ ಇದೆ ಎಂದರೆ ನಗುವವರೇ ಹೆಚ್ಚು. ಬಾಡಿಗೆ ಕೊಟ್ಟದ್ದು, ಕರೆಂಟ್ ಬಿಲ್ ಕಟ್ಟಿದ್ದು, ಹಮಾಲಿ ಕೊಟ್ಟದ್ದು, ಇವೆಲ್ಲ ಕೈಬರಹದ ಕೆಲಸಗಳು, ತಲೆಗೆ ಅಲ್ಲಿ ಹೆಚ್ಚಿನ ಪಾಲಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಸರಕು ಕೊಡುವ ಮೊದಲೇ ಗಿರಾಕಿ ಕೊಟ್ಟುಹೋದ ಮುಂಗಡವನ್ನು ಬರೆಯುವುದು ಬೇರೆಯೇ ಸಂಗತಿ. ರೊಕ್ಕ ಬಂದಿದೆ, ಗಲ್ಲೆ ತುಂಬಿದೆ, ಆದರೂ ಅಂಗಡಿ ಒಂದು ಪೈಸೆಯೂ ಗಳಿಸಿಲ್ಲ, ಬದಲಿಗೆ ಸಾಲಗಾರನಾಗಿದೆ. ಈ ಮಾತನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಸುವ ಅಚ್ಚುಕಟ್ಟು ನನಗೆ ಇಷ್ಟ. ನನ್ನ ವಾದ ಇಷ್ಟೇ: ಸರಕು ಅಂಗಡಿಯ ಹೊಸ್ತಿಲು ದಾಟುವವರೆಗೆ ಮುಂಗಡವು ಗಿರಾಕಿಯ ಹೆಸರಿನಲ್ಲೇ ಜಮೆಯಾಗಿರಬೇಕು. ಅದು ಮಾರಾಟದ ಖಾತೆಗೂ ಹೋಗಬಾರದು, ಹಳೆಯ ಬಾಕಿಯೊಳಗೂ ಕರಗಬಾರದು.

ಗೋಕಾಕದ ಕರದಂಟಿನ ಅಂಗಡಿಯೊಂದನ್ನು ಊಹಿಸಿಕೊಳ್ಳೋಣ. ವೈಶಾಖದ ಮದುವೆಗೆಂದು ಮಾರ್ಚ್ 20ರಂದು ಒಬ್ಬರು 100 ಕಿಲೋ ಕರದಂಟು ಬರೆಸುತ್ತಾರೆ. ಲೆಕ್ಕ ಸುಲಭವಾಗಲೆಂದು ಕಿಲೋಗೆ 600 ರೂಪಾಯಿ ಇಟ್ಟುಕೊಳ್ಳುತ್ತೇನೆ. ಸರಕಿನ ಬೆಲೆ 60,000, ಅದರ ಮೇಲೆ 5 ಪ್ರತಿಶತ ಜಿಎಸ್‌ಟಿ 3,000, ಒಟ್ಟು 63,000. ಬರೆಸಿದವರು 20,000 ಕೊಟ್ಟು ರಸೀದಿ ಒಯ್ಯುತ್ತಾರೆ. ಅಂದು ಕಿರ್ದಿಯಲ್ಲಿ ನಗದು ಖಾತೆಗೆ 20,000 ಖರ್ಚು, ಗಿರಾಕಿಯ ಮುಂಗಡ ಖಾತೆಗೆ 20,000 ಜಮಾ. ಮಾರಾಟದ ಖಾತೆಯನ್ನು ಮುಟ್ಟುವಂತಿಲ್ಲ. ಏಪ್ರಿಲ್ 25ಕ್ಕೆ ಡಬ್ಬಿಗಳು ಟೆಂಪೊ ಏರಿದಾಗ ಬಿಲ್ ಹುಟ್ಟುತ್ತದೆ: ಗಿರಾಕಿಯ ಖಾತೆಗೆ 63,000 ಖರ್ಚು, ಮಾರಾಟಕ್ಕೆ 60,000, ಕೇಂದ್ರದ ತೆರಿಗೆಗೆ 1,500, ರಾಜ್ಯದ ತೆರಿಗೆಗೆ 1,500 ಜಮಾ. ಅದರ ಬೆನ್ನಿಗೇ ಇನ್ನೊಂದು ನಮೂದು: ಮುಂಗಡ ಖಾತೆಗೆ 20,000 ಖರ್ಚು, ಗಿರಾಕಿಯ ಖಾತೆಗೆ 20,000 ಜಮಾ. ಮುಂಗಡ ಖಾತೆ ಸೊನ್ನೆಗೆ ಬಂತು, ಗಿರಾಕಿಯಿಂದ ಬರಬೇಕಾದದ್ದು 43,000 ಎಂದು ತಾನಾಗಿಯೇ ನಿಂತಿತು. ಅದು ಬ್ಯಾಂಕಿಗೆ ಬಂದ ದಿನ ಗಿರಾಕಿಯ ಖಾತೆಯೂ ಚುಕ್ತಾ.

ಈ ಲೆಕ್ಕದಲ್ಲಿ ನಾನು ಬೇಕೆಂದೇ ಮಾರ್ಚ್ 31 ನಡುವೆ ಬರುವಂತೆ ಮಾಡಿದ್ದೇನೆ. ವರ್ಷದ ಕೊನೆಯ ದಿನ ಅಂಗಡಿಯ ಅಢಾವೆ ಪತ್ರಿಕೆಯಲ್ಲಿ ಈ 20,000 ರೂಪಾಯಿ ಎರಡೂ ಬದಿಗೆ ಕಾಣುತ್ತದೆ. ಆಸ್ತಿಯ ಬದಿಗೆ ನಗದಾಗಿ, ಹೊಣೆಯ ಬದಿಗೆ ಗಿರಾಕಿಯ ಮುಂಗಡವಾಗಿ. ಲಾಭಕ್ಕೆ ಅದರ ಸೋಂಕಿಲ್ಲ. ಇದನ್ನೇ ಮಾರ್ಚ್ 20ರಂದು ನಗದು ಮಾರಾಟ ಎಂದು ಬರೆದಿದ್ದರೆ? ಹಳೆಯ ವರ್ಷಕ್ಕೆ 20,000 ಮಾರಾಟ ಸೇರಿತು, ಆದರೆ ಆ ಕರದಂಟಿಗೆ ಬೇಕಾದ ಬೆಲ್ಲ, ಅಂಟು, ಗೋಡಂಬಿ, ಒಣಕೊಬ್ಬರಿ ಕೊಂಡದ್ದು ಏಪ್ರಿಲ್‌ನಲ್ಲಿ, ಅಂದರೆ ಹೊಸ ವರ್ಷದ ಖರ್ಚಿನಲ್ಲಿ. ಒಂದು ವರ್ಷದ ಲಾಭ ಉಬ್ಬುತ್ತದೆ, ಮುಂದಿನದು ಅಷ್ಟೇ ಕುಗ್ಗುತ್ತದೆ. ತಪ್ಪು ಅಲ್ಲಿಗೇ ನಿಂತರೆ ಪುಣ್ಯ. ಏಪ್ರಿಲ್‌ನಲ್ಲಿ ಬಿಲ್ ಮಾಡುವವನ ಮುಂದೆ ಈಗ ಎರಡು ದಾರಿಗಳಿವೆ, ಎರಡೂ ಕೆಟ್ಟವು. ಪೂರ್ತಿ ಬಿಲ್ ಬರೆದರೆ 60,000 ರೂಪಾಯಿಯ ಸರಕಿಗೆ 80,000 ಮಾರಾಟ ಕಾಣುತ್ತದೆ, ಮತ್ತು 20,000 ಕೊಟ್ಟವರ ಖಾತೆಯಲ್ಲಿ ಪೂರಾ 63,000 ಬಾಕಿ ನಿಲ್ಲುತ್ತದೆ. ಅದನ್ನು ನೋಡಿ ವಸೂಲಿಯ ಹುಡುಗ ಮದುವೆಮನೆಗೆ ಫೋನು ಹಚ್ಚುತ್ತಾನೆ. ಹಾಗಾಗಬಾರದೆಂದು 43,000ಕ್ಕಷ್ಟೇ ಬಿಲ್ ಹರಿದರೆ, 100 ಕಿಲೋ ಸರಕು ಕಡಿಮೆ ಬೆಲೆಗೆ ಹೋದಂತೆ ಕಾಣುತ್ತದೆ, ತೆರಿಗೆಯೂ ಕಡಿಮೆ ಬೀಳುತ್ತದೆ. ಇಂಥ ತಪ್ಪನ್ನು ಹಿಡಿಯುವ ಬಗೆ ಸರಳ. ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಮಾರಾಟವನ್ನು ತೂಕದ ವಹಿಯ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ಕಿಲೋ ಹೊರಗೆ ಹೋಗದ ದಿನ ದೊಡ್ಡ ದುಂಡು ಮೊತ್ತದ ಮಾರಾಟ ಇದ್ದರೆ, ಅದು ಹೆಚ್ಚಾಗಿ ವೇಷ ಮರೆಸಿದ ಮುಂಗಡವೇ.

‘ಅಲ್ಲರೀ, ಮದುವೆಯವರು ಕೊಟ್ಟ ರೊಕ್ಕ ತಿರುಗಿ ಕೇಳ್ತಾರೇನು? ಬಂದದ್ದು ಬಂತು, ಮಾರಾಟ ಅಂತ ಬರೆದರೆ ಏನಾತು?’ ಎಂಬುದು ಅಂಗಡಿಕಾರರ ಮೊದಲ ತಕರಾರು. ಇದರಲ್ಲಿ ಅನುಭವದ ಬಲವಿದೆ, ಮದುವೆಯ ಬರಾವು ಮುರಿಯುವುದು ಅಪರೂಪ. ಆದರೆ ತಿರುಗಿ ಕೇಳುವರೋ ಇಲ್ಲವೋ ಎಂಬುದಲ್ಲ ಪ್ರಶ್ನೆ, ಅಂಗಡಿ ಇನ್ನೂ ಏನನ್ನು ಕೊಡಬೇಕಾಗಿದೆ ಎಂಬುದು. ಮಾರ್ಚ್ 20ರಂದು ಆ ಕರದಂಟು ಬಾಣಲೆಗೂ ಬಿದ್ದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 18ನೆಯ ಕಲಮು ಹೇಳುವುದೂ ಇದನ್ನೇ: ಯಾವ ಸರಕು ಎಂದು ಗೊತ್ತುಪಡಿಸುವ ತನಕ ಅದರ ಒಡೆತನ ಕೊಳ್ಳುವವನಿಗೆ ದಾಟದು. ಇಲ್ಲದ ಸರಕನ್ನು ಮಾರಿದ್ದೇವೆಂದು ಬರೆಯುವುದು ಹೇಗೆ? ಗೋಡಂಬಿಯ ದರ ಏಪ್ರಿಲ್‌ನಲ್ಲಿ ಏರಿದರೆ ಆ ಏಟು ಅಂಗಡಿಯದೇ, ಏಕೆಂದರೆ 600ರ ದರಕ್ಕೆ ಮಾತು ಕೊಟ್ಟಾಗಿದೆ. ಲಾಭ ಆಯಿತೋ ನಷ್ಟ ಆಯಿತೋ ಗೊತ್ತಾಗುವುದೇ ಡಬ್ಬಿ ಕಟ್ಟಿದ ಮೇಲೆ.

ಎರಡನೆಯ ತಕರಾರು ಇದಕ್ಕಿಂತ ಜಾಣತನದ್ದು, ನನಗೆ ಅದರ ಬಗ್ಗೆ ಗೌರವವಿದೆ. ಮುಂಗಡಕ್ಕೆ ಬೇರೆ ಖಾತೆ ಯಾಕೆ, ಗಿರಾಕಿಯ ಒಂದೇ ಖಾತೆಯಲ್ಲಿ ಜಮಾ ಮಾಡಿದರೆ ಸಾಲದೇ? ನಮ್ಮ ಕಡೆಯ ಹಳೆಯ ರೋಜಕಿರ್ದಿಯಲ್ಲಿ ನಡೆದದ್ದೇ ಹಾಗೆ. ಯಾರಿಂದ ರೊಕ್ಕ ಬಂತೋ ಅವರ ಹೆಸರಿಗೆ ಜಮಾ, ಯಾರಿಗೆ ಸರಕು ಹೋಯಿತೋ ಅವರ ಹೆಸರಿಗೆ ಖರ್ಚು, ಖತಾವಣಿಯಲ್ಲಿ ಒಬ್ಬರಿಗೆ ಒಂದೇ ಪುಟ. ಒಬ್ಬ ಗಿರಾಕಿ, ಒಂದು ಬರಾವು ಎಂದರೆ ಈ ಪದ್ಧತಿಯಲ್ಲಿ ಕುಂದೇ ಇಲ್ಲ. ಕರದಂಟಿನ ಮದುವೆ ಲೆಕ್ಕವನ್ನು ಹಾಗೆಯೇ ಬರೆಯಬಹುದಿತ್ತು. ಕುಂದು ಕಾಣುವುದು ವರ್ಷವಿಡೀ ಉದ್ರಿ ಒಯ್ಯುವ ಗಿರಾಕಿಯಲ್ಲಿ. ಹುಕ್ಕೇರಿಯ ಅಂಗಡಿಕಾರನೊಬ್ಬ ಗೋಕಾಕದಿಂದ ಕರದಂಟು ತರಿಸಿ ಮಾರುತ್ತಾನೆ ಎನ್ನೋಣ. ಅವನದು 18,000 ಹಳೆಯ ಬಾಕಿ ಇದೆ. ದೀಪಾವಳಿಯ ಸರಕಿಗೆಂದು ಹೇಳಿ 15,000 ಕಳಿಸುತ್ತಾನೆ. ಒಂದೇ ಪುಟವಿದ್ದರೆ ಬಾಕಿ 3,000ಕ್ಕೆ ಇಳಿಯಿತು, ಹಬ್ಬದ ಬರಾವು ಪುಟದಲ್ಲಿ ಎಲ್ಲಿಯೂ ಇಲ್ಲ. ಸರಕು ಕಳಿಸುವ ದಿನ ಅಂಗಡಿಯವನು ‘ಮುಂಗಡ ಎಲ್ಲಿದೆ?’ ಎನ್ನುತ್ತಾನೆ, ಹುಕ್ಕೇರಿಯವನು ‘ಕಳಿಸೇನಲ್ಲ’ ಎನ್ನುತ್ತಾನೆ, ಇಬ್ಬರ ಪುಸ್ತಕವೂ ಕೂಡಿಕೆಯಲ್ಲಿ ಸರಿಯಾಗಿಯೇ ಇರುತ್ತದೆ. 1872ರ ಕರಾರು ಕಾಯ್ದೆ ಈ ಜಗಳವನ್ನು ಮೊದಲೇ ಕಂಡಿದೆ. ಅದರ 59ನೆಯ ಕಲಮಿನ ಪ್ರಕಾರ ಕೊಡುವವನು ಇದು ಇಂಥ ಬಾಕಿಗೆ ಎಂದು ಹೇಳಿ ಕೊಟ್ಟರೆ, ಪಡೆದವನು ಅದಕ್ಕೇ ಹಚ್ಚಬೇಕು. ಏನೂ ಹೇಳದಿದ್ದರೆ ಮಾತ್ರ 60ನೆಯ ಕಲಮಿನಂತೆ ಪಡೆದವನ ಇಷ್ಟ. ಆ ಕಲಮುಗಳು ಮಾತಾಡುವುದು ಹಲವು ಸಾಲಗಳ ಬಗ್ಗೆ, ಮುಂಗಡದ ಬಗ್ಗೆ ಅಲ್ಲ ನಿಜ, ಆದರೆ ಕೊಡುವವನ ಮಾತಿಗೆ ಅವು ಕೊಡುವ ಮೊದಲ ಮನ್ನಣೆ ಇಲ್ಲಿಗೂ ಒಪ್ಪುತ್ತದೆ. ಹಬ್ಬದ ಸರಕಿಗೆಂದು ಬಂದ 15,000 ಮುಂಗಡದ ಪುಟದಲ್ಲಿ ಕೂತರೆ, 18,000 ಬಾಕಿ ತನ್ನ ಜಾಗದಲ್ಲಿ ಹಾಗೇ ಉಳಿದು ವಸೂಲಿಗೆ ಕಾಯುತ್ತದೆ.

ಟ್ಯಾಲಿ ಬಳಸುವವರು ಇದಕ್ಕೆ ಒಂದು ನಡುದಾರಿ ಕಂಡುಕೊಂಡಿದ್ದಾರೆ, ನಾನು ಅದನ್ನು ಒಪ್ಪುತ್ತೇನೆ. ಗಿರಾಕಿಯ ಖಾತೆ ಒಂದೇ ಇರಲಿ, ಆದರೆ ರೊಕ್ಕ ಬಂದಾಗ ಬಿಲ್‌ವಾರು ವಿವರದಲ್ಲಿ `Advance` ಎಂದು ಆರಿಸಿ ಒಂದು ಗುರುತು ಕೊಡಬೇಕು. ಸರಕು ಹೋದಾಗ `Agst Ref` ಆರಿಸಿ ಅದೇ ಗುರುತಿಗೆ ಹಚ್ಚಬೇಕು. ಅವಸರದಲ್ಲಿ `On Account` ಒತ್ತಿ ಮುಂದೆ ಹೋದರೆ ಮಾತ್ರ ಹಳೆಯ ಒಂಟಿ ಪುಟದ ಗೊಂದಲವೇ ಪರದೆಯ ಮೇಲೆ ಮತ್ತೆ ಹುಟ್ಟುತ್ತದೆ. ಇನ್ನೊಂದು ಎಚ್ಚರಿಕೆ ವರ್ಷದ ಕೊನೆಗೆ ಬೇಕು. ಬಾಕಿದಾರರ ಪಟ್ಟಿಯಲ್ಲಿ ಕೆಲವರ ಹೆಸರು ಜಮಾ ಬದಿಗೆ ನಿಂತಿರುತ್ತದೆ. ಮೂರು ಲಕ್ಷ ಬರಬೇಕು, ಐವತ್ತು ಸಾವಿರ ಮುಂಗಡ ಬಂದಿದೆ ಎಂದಾದರೆ ಒಂದರಲ್ಲಿ ಇನ್ನೊಂದನ್ನು ಕಳೆದು ಎರಡೂವರೆ ಲಕ್ಷ ಬಾಕಿ ಎಂದು ತೋರಿಸುವುದು ತಪ್ಪು. ಒಬ್ಬರು ಕೊಡಬೇಕಾದದ್ದರಲ್ಲಿ ಇನ್ನೊಬ್ಬರ ಮುಂಗಡವನ್ನು ಕಳೆಯಲು ಅವರಿಬ್ಬರಿಗೂ ನಂಟೇ ಇಲ್ಲ.

ಕೆಲವೊಮ್ಮೆ ಮುಂಗಡದ ವೇಷದಲ್ಲಿ ಬರುವುದು ಮುಂಗಡವೇ ಆಗಿರುವುದಿಲ್ಲ. ಮೂಡಲಗಿಯ ಸುತ್ತಲಿನ ಕಬ್ಬಿನ ಸೀಮೆಯಲ್ಲಿ ಬೆಲ್ಲದ ಆಲೆಮನೆಯೊಂದಕ್ಕೆ ವ್ಯಾಪಾರಿಯೊಬ್ಬ ಹಂಗಾಮಿಗೆ ಮೊದಲು ಒಂದು ಲಕ್ಷ ಕೊಟ್ಟ ಎಂದುಕೊಳ್ಳಿ. ಅದು ಬೆಲ್ಲದಿಂದ ತೀರುವುದೋ, ಬಡ್ಡಿ ಸೇರಿಸಿ ರೊಕ್ಕದಿಂದ ತೀರುವುದೋ? ಬೆಲ್ಲದಿಂದ ಎಂದರೆ ಆಲೆಮನೆಯ ಪುಸ್ತಕದಲ್ಲಿ ಗಿರಾಕಿಯ ಮುಂಗಡ. ರೊಕ್ಕದಿಂದ ಎಂದರೆ ಕೈಗಡ, ಸಾಲದ ಖಾತೆಗೆ ಹೋಗಬೇಕು. ಬೆಲ್ಲದಿಂದಲೇ ತೀರುವುದಾದರೂ ಯಾವ ದರಕ್ಕೆ ಎಂಬುದು ಉಳಿಯುತ್ತದೆ. ಕ್ವಿಂಟಲಿಗೆ 4,000 ಎಂದು ಇಂದೇ ಮುರಿದಿದ್ದರೆ ಆ ಒಂದು ಲಕ್ಷ 25 ಕ್ವಿಂಟಲಿನ ಹೊಣೆ. ಕೊಡುವ ದಿನದ ಪೇಟೆ ದರ ಎಂದಿದ್ದರೆ ಎಷ್ಟು ಕ್ವಿಂಟಲ್ ಎಂದು ಇಂದು ಹೇಳಲಾಗದು. ಜಮಾ-ಖರ್ಚಿನ ಅಂಕಿ ಎರಡಕ್ಕೂ ಒಂದೇ. ವ್ಯತ್ಯಾಸ ಇರುವುದು ಅದರ ಕೆಳಗೆ ಬರೆಯುವ ಬಾಬತ್ತಿನಲ್ಲಿ ಮಾತ್ರ: ತೂಕ, ದರ, ದರ ಮುರಿದಿದೆಯೋ ಇಲ್ಲವೋ, ಕೊಡುವ ಗಡುವು. ‘ಮುಂಗಡ ಬಂದದ್ದು’ ಎಂದಷ್ಟೇ ಗೀಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ತೆರಿಗೆಯ ಕಡೆಯಿಂದ ಬರುವ ತಕರಾರಿಗೆ ಚುಟುಕು ಉತ್ತರ ಸಾಕು. ರೊಕ್ಕ ಪಡೆದ ದಿನವೇ ಜಿಎಸ್‌ಟಿ ಕಟ್ಟಬೇಕಲ್ಲ, ಹಾಗಾದರೆ ಅದು ಮಾರಾಟವೇ ಅಲ್ಲವೇ ಎನ್ನುತ್ತಾರೆ. 2017ರ ಜುಲೈನಲ್ಲಿ ಕಾಯ್ದೆ ಬಂದಾಗ ಹಾಗೆಯೇ ಇತ್ತು. ಅದೇ ವರ್ಷದ ನವೆಂಬರ್ 15ರ ಅಧಿಸೂಚನೆ ಸರಕಿನ ಮುಂಗಡವನ್ನು ಅದರಿಂದ ಬಿಡಿಸಿ, ತೆರಿಗೆಯನ್ನು ಬಿಲ್ಲಿನ ಹೊತ್ತಿಗೆ ತಂದಿತು. ಸೇವೆಯ ಮುಂಗಡಕ್ಕೆ ಆ ವಿನಾಯಿತಿ ಇಲ್ಲ. ಅದೇ ಕರದಂಟಿನವರು ಮದುವೆಯ ಅಡುಗೆ-ಬಡಿಸುವಿಕೆಯನ್ನೂ ವಹಿಸಿಕೊಂಡು ಮುಂಗಡ ಪಡೆದರೆ, ಆ ಭಾಗದ ತೆರಿಗೆ ರೊಕ್ಕ ಬಂದಾಗಲೇ ಕಟ್ಟಬೇಕು, ಆದ್ದರಿಂದ ರಸೀದಿಯಲ್ಲೇ ಎರಡನ್ನೂ ಬೇರ್ಪಡಿಸಬೇಕು. ಹಾಗೆ ತೆರಿಗೆ ಕಟ್ಟಿದರೂ ಮುಂಗಡ ಮುಂಗಡವೇ. ತೆರಿಗೆಯ ಗಡುವು ಸರಕಾರ ಇಟ್ಟದ್ದು, ಗಳಿಕೆಯ ದಿನ ಕೆಲಸ ಮುಗಿದಾಗ ಬರುವಂಥದ್ದು.

ಇನ್ನು ಬರಾವು ನಿಜಕ್ಕೂ ಮುರಿದರೆ? ಮದುವೆ ಮುಂದೆ ಹೋಯಿತು, ಕರದಂಟು ಬೇಡ ಎಂದರು ಎನ್ನೋಣ. ಡಬ್ಬಿಗಳ ಮೇಲೆ ವಧೂವರರ ಹೆಸರು ಅಚ್ಚು ಹಾಕಿಸಲು 2,000 ಖರ್ಚಾಗಿದೆ, ಬರಾವು ಮುರಿದರೆ ಅಷ್ಟನ್ನು ಹಿಡಿಯುತ್ತೇವೆಂದು ರಸೀದಿಯಲ್ಲೇ ಬರೆದಿತ್ತು. ಆಗ ಮುಂಗಡ ಖಾತೆಗೆ 20,000 ಖರ್ಚು. ನಗದಿಗೆ 18,000 ಜಮಾ, ಡಬ್ಬಿ ಅಚ್ಚಿನ ಖರ್ಚಿನ ಖಾತೆಗೆ 2,000 ಜಮಾ. ಮಾರಾಟದ ಖಾತೆಗೆ ಈಗಲೂ ಕೆಲಸವಿಲ್ಲ. ಪೂರ್ತಿ 20,000 ನುಂಗಬಹುದಲ್ಲ ಎನ್ನುವವರಿಗೆ ಕರಾರು ಕಾಯ್ದೆಯ 74ನೆಯ ಕಲಮು ಅಡ್ಡ ಬರುತ್ತದೆ. ಕರಾರಿನಲ್ಲಿ ಎಷ್ಟೇ ಬರೆದಿದ್ದರೂ ಅದು ಕೊಡಿಸುವುದು ಯುಕ್ತವೆನಿಸುವ ಪರಿಹಾರವನ್ನು ಮಾತ್ರ. ಮದುವೆ ಮುಂದಿನ ವರ್ಷಕ್ಕೆ ಹೋಗಿದೆ, ರೊಕ್ಕ ನಿಮ್ಮಲ್ಲೇ ಇರಲಿ ಎಂದು ಗಿರಾಕಿ ಹೇಳಿದರೆ ಯಾವ ನಮೂದೂ ಬೇಡ, ಬಾಬತ್ತಿನಲ್ಲಿ ಹೊಸ ತಾರೀಖು ಬರೆದರಾಯಿತು. ಹಳೆಯ 600ರ ದರ ಇನ್ನೂ ನಡೆಯುವುದೋ ಇಲ್ಲವೋ ಎಂಬುದನ್ನೂ ಅಂದೇ ಕೇಳಿ ಅದರ ಪಕ್ಕದಲ್ಲಿ ಬರೆದಿಡಬೇಕು.