ಆನಂದಪುರ ಬರುವ ಮೊದಲು

ಅಜ್ಜ ಶಿವಮೊಗ್ಗ–ಸಾಗರ ಮಾರ್ಗದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಯಾವ ಊರಲ್ಲಿ ಯಾರು ಹತ್ತುತ್ತಾರೆ, ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. 78ನೇ ವಯಸ್ಸಿನಲ್ಲಿ ಅಂಥವರ ಬಾಯಲ್ಲಿ ಹೆಸರುಗಳು ತಡೆಯತೊಡಗಿದವು.

ಮೊದಲು ಹೋದದ್ದು ಅತ್ತೆಯ ಊರು. "ಅವಳು ಅಲ್ಲಿಂದ ಯಾವಾಗ ಬರ್ತಾಳೆ? ಅದೇ, ಅಲ್ಲಿಂದ..." ಎಂದು ಕೈ ಆಡಿಸುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು, "ಶಿವಮೊಗ್ಗ, ಆಯನೂರು, ಕುಂಸಿ... ಹಾಂ, ಕುಂಸಿ!" ಎನ್ನುತ್ತಿದ್ದರು. ಒಂಟಿಯಾಗಿ ಕೇಳಿದರೆ ಸಿಗದ ಹೆಸರು, ಸಾಲಿನಲ್ಲಿ ಬಂದರೆ ತಾನಾಗಿ ಸಿಗುತ್ತಿತ್ತು.

ಶಿವಮೊಗ್ಗದ ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ತೊಂದರೆಯಿಂದಲೋ ಬಿ12 ಕೊರತೆಯಿಂದಲೋ ಮರೆವು ಬಂದಿದ್ದರೆ ಅದಕ್ಕೆ ಔಷಧಿಯಿದೆ. ಅಜ್ಜನಿಗೆ ಅವೆರಡೂ ಸರಿಯಾಗಿದ್ದವು. ಆಮೇಲೆ ಡಾಕ್ಟರು ಅವರನ್ನೇ ಕೇಳಿದರು, "ನಿಮ್ಮ ಹೆಂಡತಿ ಹೆಸರೇನು?"

ಅಜ್ಜ ನಕ್ಕು ತಲೆ ತಗ್ಗಿಸಿದರು. ಹಳೆ ಕಾಲದವರು, ಹೆಂಡತಿ ಹೆಸರು ಹೇಳಲು ನಾಚಿಕೆ ಎಂದುಕೊಂಡು ಅಪ್ಪನೂ ನಕ್ಕರು. ಡಾಕ್ಟರು ನಗಲಿಲ್ಲ. ಕಾಗದ ಕೊಟ್ಟು, "ಬರೆದು ತೋರಿಸಿ" ಅಂದರು. ಅಜ್ಜ ಪೆನ್ನು ಹಿಡಿದುಕೊಂಡೇ ಕುಳಿತರು.

ಡಾಕ್ಟರು ನಮಗೆ ಬಿಡಿಸಿ ಹೇಳಿದರು. ಆಕೆಯ ಮುಖ, ದನಿ, ಅಡುಗೆ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಹೆಸರಿಗೆ ಹಾಗೆ ಹಿಡಿದುಕೊಳ್ಳಲು ಏನೂ ಇಲ್ಲ, ಅದು ಬೇಗ ಜಾರುತ್ತದೆ. ವಯಸ್ಸಾದವರೆಲ್ಲರಿಗೂ ಹೆಸರು ತಡವಾಗಿ ನೆನಪಾಗುವುದುಂಟು. ಆದರೆ ದಿನಾ ನೋಡುವವರ ಹೆಸರೇ ಬಾರದೆ, ಜೊತೆಗೆ ಲೆಕ್ಕ, ದಾರಿಯೂ ತಪ್ಪತೊಡಗಿದರೆ ಅದು ಬರೀ ವಯಸ್ಸಿನ ಮರೆವಲ್ಲ. ಅಜ್ಜ ಆಗಲೇ ಎರಡು ಸಲ ಅಂಗಡಿಯಲ್ಲಿ ಚಿಲ್ಲರೆ ಎಣಿಸಲಾರದೆ ವಾಪಸು ಬಂದಿದ್ದರು.

"ನಾನ್ಯಾರು ಹೇಳಿ ಅಂತ ಪರೀಕ್ಷೆ ಮಾಡಬೇಡಿ. ನೀವೇ ಹೆಸರು ಹೇಳಿಕೊಂಡು ಮಾತು ಶುರುಮಾಡಿ" ಎಂದೂ ಡಾಕ್ಟರು ಹೇಳಿದರು.

ಮನೆಯಲ್ಲಿ ಈ ಸುದ್ದಿಯನ್ನು ಅಜ್ಜಿಗೆ ಹೇಳುವುದು ಹೇಗೆಂದು ಎಲ್ಲರಿಗೂ ಕಷ್ಟವಾಯಿತು. ಅವಳು ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡಳು. "ಐವತ್ತು ವರ್ಷ 'ಏ, ಇಲ್ನೋಡೇ' ಅಂತಲೇ ಕರೆದವರು. ನನ್ನ ಹೆಸರು ಅವರ ಬಾಯಲ್ಲಿ ಯಾವತ್ತು ಇತ್ತು, ಈಗ ಹೋಗೋಕೆ?" ಅಂದಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಈಗ ಬೆಳಿಗ್ಗೆ ಕಾಫಿ ಕೊಡುವಾಗ ಅವಳೇ ತನ್ನ ಹೆಸರು ಹೇಳುತ್ತಾಳೆ. ಅಜ್ಜ ಸುಮ್ಮನೆ ತಲೆಯಾಡಿಸುತ್ತಾರೆ, ಹೆಸರು ನಿಲ್ಲುವುದಿಲ್ಲ. ಆಮೇಲೆ ಅವಳು, "ನಾನು ಯಾವ ಊರಿನವಳು?" ಅನ್ನುವುದಿಲ್ಲ, "ಶಿವಮೊಗ್ಗ ಬಿಟ್ಟಿತು" ಎನ್ನುತ್ತಾಳೆ. ಅಷ್ಟು ಸಾಕು.

"ಆಯನೂರು, ಕುಂಸಿ, ಚೋರಡಿ, ಆನಂದಪುರ" ಎಂದು ಹೇಳಿ ಅಜ್ಜ ಅಲ್ಲಿಗೇ ನಿಲ್ಲಿಸುತ್ತಾರೆ. ಸಾಗರದ ತನಕ ಹೋಗುವುದಿಲ್ಲ. "ಇಲ್ಲಿ ನಿನ್ನ ಅಪ್ಪನ ಮನೆ. ಇಳಿ, ನಿಧಾನ" ಅನ್ನುತ್ತಾರೆ.